ಮುತ್ಯಾನ ಪತ್ರದ ‘ಕಳೆದ ವಾರ’: ಸಾರಾಂಶ ಬರೆಯಲು ನಾಲ್ಕು ದಾರಿ ಹಿಡಿದು ನೋಡಿದಾಗ

ವಿಜಯಪುರ ಜಿಲ್ಲೆಯ ನಮ್ಮ ಊರಿಂದ ಮುತ್ಯಾ ಬೆಳಗಾವಿಯಲ್ಲಿ ಓದುತ್ತಿದ್ದ ದೊಡ್ಡಪ್ಪನಿಗೆ ಬರೆದ ಪತ್ರಗಳು ಒಂದು ಟ್ರಂಕಿನ ತುಂಬ ಇವೆ. ಮನೆಯ ಚಿಕ್ಕವರಿಗೆ ಆ ಕೈಬರಹ ಓದಲು ಬರುವುದಿಲ್ಲ. ಹಾಗಾಗಿ ಒಂದೊಂದು ಪತ್ರಕ್ಕೂ ನಾಲ್ಕೈದು ಸಾಲಿನ ಸಾರಾಂಶ ಬರೆಯುತ್ತಿದ್ದೇನೆ. ಈ ಕೆಲಸದಲ್ಲಿ ಕೈಬರಹಕ್ಕಿಂತ ಜಾಸ್ತಿ ಕಷ್ಟ ಕೊಡುವುದು ‘ಕಳೆದ ವಾರ’, ‘ಮುಂದಿನ ತಿಂಗಳು’, ‘ಹೋದ ವರ್ಷ’ ಅನ್ನುವ ಮಾತುಗಳು. ಇವನ್ನು ಸಾರಾಂಶದಲ್ಲಿ ಹೇಗೆ ಬರೆಯಬೇಕು ಅಂತ ನಾಲ್ಕು ದಾರಿಗಳನ್ನು ಒಂದೇ ಪತ್ರದ ಮೇಲೆ ಹಚ್ಚಿ ನೋಡಿದೆ.

ಪತ್ರದ ತಲೆಯ ಮೇಲೆ 5-1-73 ಅಂತಿದೆ. ಬರಗಾಲದ ವರ್ಷ. ಮೊದಲ ಹಾಳೆಯಲ್ಲಿ ಮುತ್ಯಾ ಹೀಗೆ ಬರೆದಿದ್ದಾರೆ: “ನಿನ್ನೆ ಎಳ್ಳಮಾಸಿ ಆತು. ಚರಗ ಚೆಲ್ಲಾಕ ಹೊಲದಾಗ ಏನೂ ಇದ್ದಿಲ್ಲ. ಕಳೆದ ವಾರ ಬಾವಿ ಬತ್ತಿತು. ಮುಂದಿನ ತಿಂಗಳ ಕೆರಿ ಕೆಲಸ ಸುರು ಆಗತೈತಿ ಅಂತಾರ. ಹೋದ ವರ್ಷದ ಜ್ವಾಳ ಹಗೇವಿನಾಗ ಒಂದೀಟು ಉಳದೈತಿ.” ಎರಡನೇ ಹಾಳೆಯಲ್ಲಿ: “ನಾಳೆ ಸಂಕ್ರಮಣ. ಬರೋ ಸೋಮವಾರ ಎತ್ತು ಹೊಡಕೊಂಡು ಸಿದ್ಧೇಶ್ವರ ಜಾತ್ರಿಗಿ ಹೊಂಟೀನಿ.”

ಮೊದಲ ದಾರಿ, ಮಾತನ್ನು ಇದ್ದ ಹಾಗೇ ಬಿಡುವುದು. “ಕಳೆದ ವಾರ ಬಾವಿ ಬತ್ತಿದೆ, ಮುಂದಿನ ತಿಂಗಳು ಕೆರೆ ಕೆಲಸ ಶುರುವಾಗುತ್ತದೆ.” ಬೇಗ ಮುಗಿಯುತ್ತದೆ, ಮುತ್ಯಾನ ದನಿಯೂ ಉಳಿಯುತ್ತದೆ. ಆದರೆ ಪತ್ರದ ತಲೆಯಲ್ಲಿದ್ದ ತಾರೀಖು ಸಾರಾಂಶಕ್ಕೆ ಬರಲಿಲ್ಲ. ಆ ನಾಲ್ಕು ಸಾಲನ್ನು ತಂಗಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದೆ. “ಯಾವ ಬಾವಿ ಅಣ್ಣಾ, ಈಗಿಂದಾ?” ಅಂತ ಕೇಳಿದಳು. ಅವಳು ಕೇಳಿದ್ದು ಸರಿಯೇ. ಓದುವವರು ‘ಕಳೆದ ವಾರ’ವನ್ನು ತಾವು ಓದುತ್ತಿರುವ ದಿನದಿಂದಲೇ ಎಣಿಸುತ್ತಾರೆ.

ಎರಡನೆಯದು, ಇವತ್ತಿನಿಂದ ಹಿಂದಕ್ಕೆ ಎಣಿಸುವುದು: “ಐವತ್ತು ವರ್ಷದ ಹಿಂದೆ ಬಾವಿ ಬತ್ತಿತ್ತು.” ಮಾತಾಡುವಾಗ ಚೆನ್ನಾಗಿದೆ, ಬರೆದಿಡಲು ಬರುವುದಿಲ್ಲ. ಸಾರಾಂಶ ಯಾವಾಗ ಬರೆದದ್ದು ಅಂತ ಮತ್ತೊಬ್ಬರು ಹುಡುಕಬೇಕಾಗುತ್ತದೆ. ಇದನ್ನು ಅಲ್ಲಿಗೇ ಬಿಟ್ಟೆ.

ಮೂರನೇ ದಾರಿ ನೋಡಲು ತುಂಬಾ ಅಚ್ಚುಕಟ್ಟು. ಎಲ್ಲವನ್ನೂ ಖಚಿತ ತಾರೀಖಿಗೆ ತಿರುಗಿಸುವುದು. 1973ರ ಜನವರಿ 5 ಶುಕ್ರವಾರ. ಏಳು ದಿನ ಹಿಂದಕ್ಕೆ ಹೋದರೆ ಡಿಸೆಂಬರ್ 29. “1972ರ ಡಿಸೆಂಬರ್ 29ರಂದು ಬಾವಿ ಬತ್ತಿತು” ಅಂತ ಬರೆದರೆ ಗೆಜೆಟ್‌ನಲ್ಲಿ ಬಂದ ಹಾಗೆ ಕಾಣುತ್ತದೆ. ಆದರೆ ಮುತ್ಯಾ ಹೇಳಿದ್ದು ವಾರ, ದಿನ ಅಲ್ಲ. ಅವರಿಗೆ ಗೊತ್ತಿದ್ದಕ್ಕಿಂತ ಜಾಸ್ತಿ ಗೊತ್ತಿದ್ದವರ ಹಾಗೆ ನಾವು ಬರೆದಂತಾಯಿತು. ಮುಂದೆ ಯಾರಾದರೂ ಆ 29ನ್ನು ಎತ್ತಿಕೊಂಡು ಬೇರೆ ಕಡೆ ಬರೆದರೆ ಅದು ಊಹೆ ಅನ್ನುವುದು ಯಾರಿಗೂ ತಿಳಿಯುವುದಿಲ್ಲ.

ಈ ದಾರಿಯ ದೊಡ್ಡ ಅಪಾಯ ಎರಡನೇ ಹಾಳೆಯಲ್ಲಿದೆ. ತಲೆಯ ತಾರೀಖನ್ನೇ ನಂಬಿದರೆ ‘ಬರೋ ಸೋಮವಾರ’ ಜನವರಿ 8 ಆಗುತ್ತದೆ. ಆದರೆ ಅದರ ಹಿಂದಿನ ಸಾಲಿನಲ್ಲೇ ‘ನಾಳೆ ಸಂಕ್ರಮಣ’ ಅಂತಿದೆ. ಸಂಕ್ರಮಣ ಜನವರಿ 14ಕ್ಕೆ. ಅಂದರೆ ಈ ಹಾಳೆ ಬರೆದದ್ದು 13ನೇ ತಾರೀಖು, ಶನಿವಾರ. ಅಲ್ಲಿಂದ ಬರೋ ಸೋಮವಾರ 15 ಆಗುತ್ತದೆ. ಸಿದ್ಧೇಶ್ವರ ಜಾತ್ರೆ ನಡೆಯುವುದೂ ಸಂಕ್ರಮಣದ ಹೊತ್ತಿಗೇ, ದನದ ಜಾತ್ರೆ ಕೂಡುವುದೂ ಆಗಲೇ. ಕವರಿನ ಮೇಲಿನ ಅಂಚೆ ಮುದ್ರೆಯಲ್ಲಿ 15 ಅಂತಲೇ ಇದೆ. ಶುರು ಮಾಡಿದ ಪತ್ರವನ್ನು ಮುತ್ಯಾ ವಾರ ಬಿಟ್ಟು ಮುಗಿಸಿದ್ದಾರೆ. ಒಂದೇ ಪತ್ರದಲ್ಲಿ ಎರಡು ‘ಇವತ್ತು’ ಇವೆ, ತಲೆಯ ಮೇಲಿರುವ ತಾರೀಖು ಮಾತ್ರ ಒಂದೇ.

ಇದರಿಂದ ನನಗೊಂದು ಪಾಠ ಸಿಕ್ಕಿತು. ಎಣಿಸುವ ಮೊದಲು ತಾರೀಖನ್ನೇ ಪರೀಕ್ಷೆ ಮಾಡಬೇಕು. ಹಬ್ಬ, ಅಮಾವಾಸ್ಯೆ, ಸಂತೆಯ ವಾರ ಇದಕ್ಕೆ ಬಹಳ ಉಪಯೋಗ. ಮೊದಲ ಹಾಳೆಯ ‘ನಿನ್ನೆ ಎಳ್ಳಮಾಸಿ’ಯನ್ನು ಹೀಗೇ ನೋಡಿದೆ. ಆ ಸಲ ಎಳ್ಳ ಅಮಾವಾಸ್ಯೆ ಬಂದದ್ದು 1973ರ ಜನವರಿ 4ಕ್ಕೆ. ಹಾಗಾಗಿ ಮೊದಲ ಹಾಳೆಗೆ 5 ಅನ್ನುವುದು ಸರಿಯಾಗಿ ಕೂತಿತು.

ನಾಲ್ಕನೇ ದಾರಿಯೇ ನಾನು ಈಗ ಹಿಡಿದಿರುವುದು. ಪತ್ರದ ದಿನವನ್ನು ಮೊದಲ ಸಾಲಿನಲ್ಲೇ ಹೇಳಿಬಿಡುವುದು. ಆಮೇಲೆ ಪ್ರತಿ ಕಾಲದ ಮಾತನ್ನೂ ಆ ದಿನದಿಂದ ಎಣಿಸುವುದು, ಆದರೆ ಮೂಲ ಎಷ್ಟು ಒರಟಾಗಿದೆಯೋ ಅಷ್ಟೇ ಒರಟಾಗಿ ಇಡುವುದು. ವಾರ ಅಂದರೆ ವಾರ, ತಿಂಗಳು ಅಂದರೆ ತಿಂಗಳು. ‘ಕಳೆದ ವಾರ’ “1972ರ ಡಿಸೆಂಬರ್ ಕೊನೆಯ ದಿನಗಳಲ್ಲಿ” ಆಯಿತು. ಏಳು ದಿನ ಹಿಂದೆ ಅಂದುಕೊಂಡರೂ, ಹಿಂದಿನ ಭಾನುವಾರಕ್ಕೆ ಮುಗಿದ ವಾರ ಅಂದುಕೊಂಡರೂ ಇದು ಸುಳ್ಳಾಗುವುದಿಲ್ಲ. ಜನವರಿಯ ಪತ್ರಗಳಲ್ಲಿ ಇಸವಿ ಬದಲಾಗುವುದನ್ನು ಮರೆಯಬಾರದು. ಸುಮ್ನೆ ‘ಡಿಸೆಂಬರ್’ ಅಂತ ಬರೆದರೆ ಓದುವವರು 73ರ ಡಿಸೆಂಬರ್ ಅಂದುಕೊಳ್ಳುತ್ತಾರೆ.

ತಲೆ ಬಿಸಿ ಮಾಡಿದ್ದು ‘ಹೋದ ವರ್ಷದ ಜ್ವಾಳ’. ಕ್ಯಾಲೆಂಡರ್ ಪ್ರಕಾರ 1972. ಆದರೆ “1972ರ ಜೋಳ” ಅಂತ ಬರೆದರೆ ಅರ್ಥ ತಿರುವುಮುರುವು ಆಗಬಹುದು. ನಮ್ಮ ಕಡೆ ಹಿಂಗಾರಿ ಜೋಳ ಬಿತ್ತುವುದು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ, ಕೊಯ್ದು ರಾಶಿ ಮಾಡುವುದು ಮುಂದಿನ ಇಸವಿಯ ಫೆಬ್ರುವರಿ–ಮಾರ್ಚ್ ಹೊತ್ತಿಗೆ. 1972ರಲ್ಲಿ ಬಿತ್ತಬೇಕಾಗಿದ್ದ ಜೋಳ ಹೊಲದಲ್ಲೇ ಇಲ್ಲ, ಮೊದಲ ಹಾಳೆಯೇ ಹೇಳುತ್ತಿದೆ. ಹಗೇವಿನಲ್ಲಿ ಉಳಿದದ್ದು 1971ರಲ್ಲಿ ಬಿತ್ತಿ 72ರ ಆರಂಭದಲ್ಲಿ ರಾಶಿ ಮಾಡಿದ್ದು. ರೈತನ ವರ್ಷ ಜನವರಿ ಒಂದಕ್ಕೆ ಬದಲಾಗುವುದಿಲ್ಲ ಅಲ್ವಾ? ಇಂಥ ಕಡೆ ಮೂಲದ ಮಾತನ್ನೂ ಜೊತೆಗೇ ಇಡುತ್ತೇನೆ. ಅರ್ಥ ಮಾಡಿದ್ದು ನಾನು, ಮಾತು ಮುತ್ಯಾನದು ಅನ್ನುವುದು ಕಾಣಬೇಕು.

ಕ್ರಿಯಾಪದದ ಕಡೆಗೂ ಅಷ್ಟೇ ಗಮನ ಬೇಕು. ‘ಮುಂದಿನ ತಿಂಗಳ ಕೆರಿ ಕೆಲಸ ಸುರು ಆಗತೈತಿ ಅಂತಾರ’ ಅನ್ನುವುದನ್ನು “ಫೆಬ್ರುವರಿಯಲ್ಲಿ ಕೆರೆ ಕೆಲಸ ಶುರುವಾಯಿತು” ಅಂತ ಬರೆಯಲು ಕೈ ತಾನಾಗಿ ಓಡುತ್ತದೆ. ತಿಂಗಳು ಸರಿ, ಸಂಗತಿ ತಪ್ಪು. ಕೆಲಸ ಶುರುವಾಯಿತೋ ಇಲ್ಲವೋ ಈ ಪತ್ರದಿಂದ ತಿಳಿಯುವುದಿಲ್ಲ. ಊರಲ್ಲಿ ಹಾಗೆ ಮಾತಿತ್ತು, ಅಷ್ಟೇ.

ಕೊನೆಗೆ ಸಾರಾಂಶ ಹೀಗೆ ನಿಂತಿತು:

“1973ರ ಜನವರಿ 5ಕ್ಕೆ ಶುರು ಮಾಡಿ 13ಕ್ಕೆ ಮುಂದುವರಿಸಿದ ಪತ್ರ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಬೆಳೆ ಇರಲಿಲ್ಲ. 1972ರ ಡಿಸೆಂಬರ್ ಕೊನೆಯ ದಿನಗಳಲ್ಲಿ ಬಾವಿ ಬತ್ತಿತ್ತು. ‘ಹೋದ ವರ್ಷದ’ (1972ರ ಆರಂಭದ ರಾಶಿ ಇರಬೇಕು) ಜೋಳ ಸ್ವಲ್ಪ ಉಳಿದಿತ್ತು. ಫೆಬ್ರುವರಿಯಲ್ಲಿ ಕೆರೆ ಕೆಲಸ ಶುರುವಾಗಬಹುದು ಅಂತ ಊರಲ್ಲಿ ಮಾತಿತ್ತು. ಜನವರಿ 15ಕ್ಕೆ ಎತ್ತು ಹೊಡೆದುಕೊಂಡು ಸಿದ್ಧೇಶ್ವರ ಜಾತ್ರೆಗೆ ಹೋಗುವವರಿದ್ದರು.”

ಮೊದಲ ದಾರಿಗಿಂತ ಇದು ಉದ್ದ, ಹೊತ್ತೂ ಜಾಸ್ತಿ ಬೇಕು. ಮುತ್ಯಾನ ಮಾತಿನ ರುಚಿ ಸ್ವಲ್ಪ ಕಳೆದುಹೋಗುತ್ತದೆ, ಅದು ನನಗೂ ಬೇಜಾರೇ. ಆದರೆ ಯಾವಾಗ, ಯಾರು ಓದಿದರೂ ಅರ್ಥ ಕದಲುವುದಿಲ್ಲ.

ಟ್ರಂಕಿನಲ್ಲಿ ತಾರೀಖೇ ಇಲ್ಲದ ಪತ್ರಗಳೂ ಇವೆ. ಹಬ್ಬದ ಹೆಸರಿಲ್ಲ, ಅಂಚೆ ಮುದ್ರೆ ಅಳಿಸಿದೆ. ಅವುಗಳ ಮೇಲೆ ನಾಲ್ಕನೇ ದಾರಿಯೂ ನಡೆಯುವುದಿಲ್ಲ. ಅಲ್ಲಿ “ತಾರೀಖಿಲ್ಲದ ಪತ್ರ, ಬರೆಯುವ ಹಿಂದಿನ ವಾರ ಮಳೆ ಬಂದಿತ್ತು” ಅಂತ ಬರೆಯುತ್ತೇನೆ, ಇಸವಿಯ ಜಾಗ ಖಾಲಿ ಬಿಡುತ್ತೇನೆ.