ಕ್ರಿಟಾದಲ್ಲಿ ನೆಟ್ ದುಪಟ್ಟಾ: ಮಾಸ್ಕ್ ಮನ ಗೆದ್ದಿತು, ಗುಂಪಿನ ನಿಯಮ ಕಾಡಿತು

ಚಿತ್ರ ಬರೆಯುವ ತಂತ್ರಾಂಶ ಕ್ರಿಟಾದಲ್ಲಿ ಯಾವ ಬ್ರಷ್‌ಗಳಿವೆ, ಯಾವ ಪೆನ್ ಟ್ಯಾಬ್ಲೆಟ್ ಹೊಂದುತ್ತದೆ ಅನ್ನುವುದೆಲ್ಲ ನಿಮಗೆ ಗೊತ್ತಿರುತ್ತದೆ, ಅದನ್ನು ಬಿಡುತ್ತೇನೆ. ಈ ವಿಮರ್ಶೆ ಒಂದೇ ಕೆಲಸದ್ದು: ಬರೆದು ಮುಗಿಸಿದ ಕೈಯ ಮೇಲೆ ತೆಳು ಬಟ್ಟೆ ಹೊದಿಸಬೇಕು, ಕೆಳಗಿನ ಕೈಯಲ್ಲಿ ಒಂದು ಪಿಕ್ಸೆಲ್ ಕೂಡ ಕದಲಬಾರದು. ಉಡುಪಿನ ವಿನ್ಯಾಸ ಬರೆದುಕೊಡುವವರಿಗೆ ಇದು ದಿನನಿತ್ಯದ ಕೆಲಸ. ಗಿರಾಕಿ ದುಪಟ್ಟಾ ಬಣ್ಣವನ್ನು ನಾಲ್ಕು ಸಲ ಬದಲಿಸಿದರೂ ಕೈಯನ್ನು ಮತ್ತೆ ಬರೆಯುವ ಹಾಗಾಗಬಾರದು.

ಮಾದರಿಗೆ ಒಂದು ಚಿತ್ರ ಇಟ್ಟುಕೊಳ್ಳೋಣ. ಗೋಧಿ ಬಣ್ಣದ ಕೈ, ಮುಂಗೈಗೆ ಹಸಿರು ಗಾಜಿನ ಬಳೆ, ಮೇಲೆ ಜರಿ ಅಂಚಿನ ಕೆನೆಬಣ್ಣದ ನೆಟ್ ದುಪಟ್ಟಾ. ತೆಳು ಬಟ್ಟೆ ಅಂದ ಕೂಡಲೇ ಹಲವರು Multiply ಹಾಕುತ್ತಾರೆ. ಕಡು ಬಣ್ಣದ ಶಿಫಾನ್ ಆದರೆ ಅದು ಸ್ವಲ್ಪ ಮಟ್ಟಿಗೆ ನಡೆಯುತ್ತದೆ, ಕೆನೆಬಣ್ಣಕ್ಕೆ ನಡೆಯುವುದಿಲ್ಲ. ಚರ್ಮದ ಕೆಂಪು ಅಂಶ 150, ಬಟ್ಟೆಯದು 245 ಇದ್ದರೆ Multiply ಕೊಡುವುದು 144. ಅಂದರೆ ಬಟ್ಟೆ ಕಾಣುವುದೇ ಇಲ್ಲ, ಕೈ ತುಸು ಮಂಕಾಗುತ್ತದೆ ಅಷ್ಟೆ. ನಿಜವಾದ ನೆಟ್‌ನಲ್ಲಿ ಎಳೆಗಳ ಮೇಲೆ ಬೆಳಕು ಬಿದ್ದು ಅವು ಚರ್ಮಕ್ಕಿಂತ ತಿಳಿಯಾಗಿ ಹೊಳೆಯುತ್ತವೆ, ಚರ್ಮ ಕಾಣುವುದು ಎಳೆಗಳ ನಡುವಿನ ಕಿಂಡಿಗಳಲ್ಲಿ. Normal ಇಟ್ಟು 30% ಹೊದಿಸಿದರೆ ಅದೇ 150 ಸುಮಾರು 178 ಆಗುತ್ತದೆ. ಕಣ್ಣು ನಂಬುವುದು ಅದನ್ನು.

ನನ್ನನ್ನು ಕ್ರಿಟಾದಲ್ಲೇ ಉಳಿಸಿದ್ದು ಇದರ ಟ್ರಾನ್ಸ್‌ಪರೆನ್ಸಿ ಮಾಸ್ಕ್. ಕ್ರಮ ಹೀಗೆ. ಕೈಯ ಲೇಯರ್‌ಗೆ ಬೀಗದ ಗುರುತು ಒತ್ತಿ. ಅದರ ಮೇಲೆ ದುಪಟ್ಟಾಗೆಂದೇ ಒಂದು ಗುಂಪು ಮಾಡಿ, ಒಳಗೆ ಬಟ್ಟೆಯ ಪೂರ್ತಿ ಆಕಾರವನ್ನು ಕೆನೆಬಣ್ಣದಲ್ಲಿ 100% ಗಟ್ಟಿಯಾಗಿ ತುಂಬಿ. ಈಗ ಕೈ ಮುಚ್ಚಿಹೋಗುತ್ತದೆ, ಪರವಾಗಿಲ್ಲ. Ctrl+Shift+A ಒತ್ತಿ ಆಯ್ಕೆ ತೆಗೆದುಹಾಕಿ, ಗುಂಪಿಗೆ Transparency Mask ಸೇರಿಸಿ. ಮಾಸ್ಕ್ ಮೇಲಿರುವಾಗ D ಒತ್ತಿದರೆ ಬಣ್ಣ ಕಪ್ಪಾಗುತ್ತದೆ, Shift+Backspace ಒತ್ತಿದರೆ ಮಾಸ್ಕ್ ಪೂರ್ತಿ ಕಪ್ಪಾಗಿ ಬಟ್ಟೆ ಮಾಯವಾಗುತ್ತದೆ. ಇನ್ನು ಬಿಳಿ ಬಣ್ಣ, ಬ್ರಷ್ ಒಪ್ಯಾಸಿಟಿ 30%, ಫ್ಲೋ 100%, ಬ್ರಷ್ ಸಂಪಾದಕದಲ್ಲಿ Painting Mode ಅನ್ನು Wash ಮಾಡಿ. ಪೆನ್ನಿನ ಒತ್ತಡಕ್ಕೂ ಒಪ್ಯಾಸಿಟಿಗೂ ಇರುವ ನಂಟನ್ನು ಕಳಚಲು ಮರೆಯಬೇಡಿ.

ಪೆನ್ ಎತ್ತದೆ ದೊಡ್ಡ ಬ್ರಷ್‌ನಲ್ಲಿ ಇಡೀ ಬಟ್ಟೆಯನ್ನು ಒಮ್ಮೆ ಸವರಿ. ಒಂದು ಪದರ ಬಟ್ಟೆ ಸಿದ್ಧ. ಮಡಿಕೆ ಬಿದ್ದ ಕಡೆ ಪೆನ್ ಎತ್ತಿ ಇನ್ನೊಮ್ಮೆ ಎಳೆಯಿರಿ: ಉಳಿದ 70%ರಲ್ಲಿ ಮತ್ತೆ 30% ಮುಚ್ಚಿ ಒಟ್ಟು 51% ಆಗುತ್ತದೆ. ಮೂರು ಪದರ ಸೇರಿದ ಕಡೆ ಇನ್ನೊಂದು ಎಳೆತ, ಸುಮಾರು 66%. ಒಂದರ ಮೇಲೊಂದು ಬಿದ್ದ ನೆಟ್ ಬೆಳಕನ್ನು ತಡೆಯುವ ಲೆಕ್ಕವೂ ಇದೇ. ಒಂದು ಎಳೆತಕ್ಕೆ ಒಂದು ಪದರ ಎಂದು ಕೈಗೆ ರೂಢಿಯಾದ ಮೇಲೆ, ಸೆರಗು ಮಡಿಸುವ ಹಾಗೆಯೇ ಮಾಸ್ಕ್‌ನಲ್ಲಿ ಬಟ್ಟೆ ಮಡಿಸುತ್ತಾ ಹೋಗಬಹುದು. ಆ ಸುಖಕ್ಕಾಗಿಯೇ ಇದನ್ನೆಲ್ಲ ಬರೆಯುತ್ತಿದ್ದೇನೆ. Painting Mode ನಲ್ಲಿ Wash ಬದಲು Build up ಇದ್ದರೆ ಈ ಲೆಕ್ಕ ಕೆಡುತ್ತದೆ: ಒಂದೇ ಎಳೆತದಲ್ಲಿ ಚುಕ್ಕೆಯ ಮೇಲೆ ಚುಕ್ಕೆ ಸೇರಿ ಬಟ್ಟೆ ದಪ್ಪಗಾಗುತ್ತದೆ. ಮೊದಲ ಸವರುವಿಕೆಯ ನಡುವೆ ಪೆನ್ ಎತ್ತಿದರೂ ತೇಪೆ ಹಾಕಿದ ಹಾಗೆ ಒಂದು ಪಟ್ಟಿ ಎದ್ದು ಕಾಣುತ್ತದೆ.

ಇದೇ ಬ್ರಷ್ ಕೈಯ ಗುಂಡುತನವನ್ನೂ ತೋರಿಸುತ್ತದೆ. ಕೈಯ ನಡುಭಾಗದಲ್ಲಿ ನಾವು ಬಟ್ಟೆಯನ್ನು ನೇರವಾಗಿ ನೋಡುತ್ತೇವೆ. ಎರಡೂ ಬದಿಗೆ ಬಟ್ಟೆ ಓರೆಯಾಗುವುದರಿಂದ ನೋಟದ ದಾರಿಯಲ್ಲಿ ಎಳೆಗಳು ಹೆಚ್ಚಾಗುತ್ತವೆ. 60 ಡಿಗ್ರಿ ಓರೆಯಾದರೆ ಸುಮಾರು ಎರಡು ಪದರದಷ್ಟು. ಹಾಗಾಗಿ ಕೈಯ ಎರಡೂ ಅಂಚಿಗೆ ಮೃದು ತುದಿಯ ಬ್ರಷ್‌ನಲ್ಲಿ ಒಂದೊಂದು ಎಳೆತ ಸಾಕು. ಬಟ್ಟೆ ಕೈಯನ್ನು ಸುತ್ತಿಕೊಂಡಂತೆ ಕಾಣುತ್ತದೆ. ಇಷ್ಟು ಮಾಡದಿದ್ದರೆ ಕೈಯ ಮುಂದೆ ಗಾಜು ನಿಲ್ಲಿಸಿದ ಹಾಗಿರುತ್ತದೆ.

ಇಲ್ಲಿಯವರೆಗೆ ಹೊಗಳಿಕೆ. ತಲೆನೋವು ಶುರುವಾಗುವುದು ನೆರಳಿನಲ್ಲಿ. ಬಳೆಗಳ ಮೇಲೆ ಬಟ್ಟೆ ತಾಗಿರುತ್ತದೆ, ಎರಡು ಬಳೆಗಳ ನಡುವೆ ಚರ್ಮದಿಂದ ಎದ್ದು ನಿಲ್ಲುತ್ತದೆ. ಆ ಸಂದಿಯಲ್ಲಿ ಕೈಯ ಮೇಲೆ ತೆಳು ನೆರಳು ಬೀಳಬೇಕು. ನೆರಳಿಗೆ Multiply ಸರಿ, ಆದರೆ ಅದು ದುಪಟ್ಟಾ ಗುಂಪಿನ ಕೆಳಗೆ, ಕೈಯ ಮೇಲೆ ಬೇರೆ ಲೇಯರ್ ಆಗಿರಬೇಕು. ಕೈಯ ಗಡಿ ದಾಟದಿರಲಿ ಎಂದು Inherit Alpha ಒತ್ತುತ್ತೀರಿ, ಏನೂ ಆಗುವುದಿಲ್ಲ, ನೆರಳು ಹಿನ್ನೆಲೆಗೂ ಚೆಲ್ಲುತ್ತದೆ. ಬೇರೆ ತಂತ್ರಾಂಶಗಳಿಂದ ಬಂದವರು ಎಡವುವುದು ಇಲ್ಲೇ. ಕ್ರಿಟಾದಲ್ಲಿ ಆ ಗುಂಡಿ ಕೆಳಗಿನ ಒಂದೇ ಲೇಯರ್‌ಗೆ ಕತ್ತರಿಸುವುದಿಲ್ಲ. ಅದೇ ಗುಂಪಿನೊಳಗೆ ಕೆಳಗಿರುವ ಎಲ್ಲ ಲೇಯರ್‌ಗಳ ಒಟ್ಟು ಆಕಾರಕ್ಕೆ ಕತ್ತರಿಸುತ್ತದೆ. ತಳದಲ್ಲಿ ಬಿಳಿ ಹಾಳೆ ಇದ್ದರೆ ಒಟ್ಟು ಆಕಾರ ಅಂದರೆ ಇಡೀ ಹಾಳೆಯೇ. ಪರಿಹಾರ ಸುಲಭ: ಕೈ ಲೇಯರ್ ಆಯ್ದು Ctrl+Shift+G ಒತ್ತಿ, ಕೈ ಮತ್ತು ನೆರಳು ಮಾತ್ರ ಇರುವ ಗುಂಪು ಸಿಗುತ್ತದೆ. ಪ್ರತಿ ಚಿತ್ರದಲ್ಲೂ ಗುಂಪಿನೊಳಗೊಂದು ಗುಂಪು ಕಟ್ಟುತ್ತಾ ಹೋದಾಗ ಲೇಯರ್ ಪಟ್ಟಿ ಉದ್ದವಾಗುವುದು ಮಾತ್ರ ನಿಜಕ್ಕೂ ಬೇಸರ.

ಇನ್ನೊಂದು ಅಪಾಯ ಸದ್ದಿಲ್ಲದೆ ಬರುತ್ತದೆ. ಬಣ್ಣ ಬೆರೆಸುವ ಸ್ಮಡ್ಜ್ ಬ್ರಷ್‌ಗಳಲ್ಲಿ Overlay ಎಂಬ ಆಯ್ಕೆ ಇದೆ. ಅದು ಚಾಲೂ ಇದ್ದರೆ ದುಪಟ್ಟಾ ಲೇಯರ್ ಮೇಲೆ ತೀಡುವಾಗ ಕೆಳಗಿನ ಕೈಯ ಬಣ್ಣವೂ ಎದ್ದು ಬಂದು ಬಟ್ಟೆಗೆ ಅಂಟುತ್ತದೆ. ಆ ಹೊತ್ತಿಗೆ ನೋಡಲು ಚಂದವೇ. ಮುಂದೆ ಕೈಯನ್ನು ಚೂರು ಸರಿಸಿದಿರೋ, ಬಟ್ಟೆಯೊಳಗೆ ಎರಡನೇ ಕೈ ಕಾಣುತ್ತದೆ. ಪರೀಕ್ಷೆಗೆ ಕೈ ಲೇಯರ್‌ನ ಕಣ್ಣು ಮುಚ್ಚಿ: ದುಪಟ್ಟಾದಲ್ಲಿ ಬಳೆಯ ಹಸಿರೋ ಬೆರಳಿನ ಗೆರೆಯೋ ಉಳಿದಿದ್ದರೆ ಬಣ್ಣ ಕಲೆತಿದೆ ಎಂದರ್ಥ. ಕೆಲಸದ ನಡುವೆ ಆಗಾಗ ಹೀಗೆ ಕಣ್ಣು ಮುಚ್ಚಿ ತೆರೆಯುವುದು ಒಳ್ಳೆಯ ಅಭ್ಯಾಸ.

ನೆಟ್‌ನ ಜಾಲರಿಯನ್ನು ಕೊನೆಗೆ ಬರೆಯಿರಿ, ಕಡಿಮೆ ಬರೆಯಿರಿ. W ಒತ್ತಿ ಸುತ್ತುವರಿ ವಿಧಾನದಲ್ಲಿ ಷಟ್ಕೋನದ ಒಂದು ತುಣುಕು ಮಾಡಿಕೊಂಡರೆ ಅಂಚು ಕಾಣದೆ ಹರಡುತ್ತದೆ. ಆದರೆ 3000 ಪಿಕ್ಸೆಲ್ ಅಗಲದ ಚಿತ್ರ ಮೊಬೈಲಿನಲ್ಲಿ 1080ಕ್ಕೆ ಕುಗ್ಗಿದಾಗ ಎರಡು ಪಿಕ್ಸೆಲ್ ದಪ್ಪದ ಎಳೆ ಒಂದಕ್ಕಿಂತ ಕಡಿಮೆಯಾಗುತ್ತದೆ. ಆಗ ಜಾಲರಿ ಹೋಗಿ ಅಲೆಅಲೆಯ ಪಟ್ಟೆಗಳು ಏಳುತ್ತವೆ. ಬೆಳಕು ಬಿದ್ದ ಎರಡು ಮೂರು ಮಡಿಕೆಗಳಲ್ಲಿ ಮಾತ್ರ ಜಾಲರಿ ಇಟ್ಟು, ಉಳಿದ ಕಡೆ ಮಾಸ್ಕ್‌ನ ತೆಳುಮಂದವನ್ನೇ ನಂಬಿ. ಶಿಫಾನ್‌ಗೆ ಜಾಲರಿಯೇ ಬೇಡ.

ಜರಿ ಅಂಚು ಮಾಸ್ಕ್ ಇರುವ ಗುಂಪಿನ ಹೊರಗೆ, ಎಲ್ಲಕ್ಕಿಂತ ಮೇಲೆ ಇರಲಿ. ಒಳಗಿಟ್ಟರೆ ಚಿನ್ನದೆಳೆಯೂ 30%ಕ್ಕೆ ಇಳಿದು ಸಪ್ಪೆಯಾಗುತ್ತದೆ. ದೊಡ್ಡ ಕ್ಯಾನ್ವಾಸ್‌ನಲ್ಲಿ ಜಾಲರಿಗೆ ಟ್ರಾನ್ಸ್‌ಫಾರ್ಮ್ ಮಾಸ್ಕ್ ಹಾಕಿದರೆ ಕಡಿಮೆ ಮೆಮೊರಿಯ ಲ್ಯಾಪ್‌ಟಾಪ್ ತೆವಳುತ್ತದೆ, ಅದರ ಬದಲು ಬಾಗಿಸಿದ ಜಾಲರಿಯನ್ನು ಸಾಮಾನ್ಯ ಲೇಯರ್ ಆಗಿಯೇ ಇಟ್ಟುಕೊಳ್ಳಿ. ಕ್ರಿಟಾ ಅದರದೇ ಜಾಲತಾಣದಲ್ಲಿ ಉಚಿತ, ಸ್ಟೀಮ್‌ನಲ್ಲಿ ಅದಕ್ಕೇ ಬೆಲೆ ಇದೆ. ತಿಂಗಳ ಬಾಡಿಗೆಯ ತಂತ್ರಾಂಶ ಕೈಗೆಟುಕದವರು ಮೊದಲು ಉಚಿತದ್ದರಲ್ಲಿ ಈ ಮಾಸ್ಕ್ ಮಾಡಿ ನೋಡಿ. ತೆಳು ಬಟ್ಟೆಯ ಕೆಲಸಕ್ಕೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ, ಕಳೆದ ಒಂದು ಅಂಕ ಆ ಗುಂಪಿನ ನಿಯಮಕ್ಕೆ.