ಟಾರ್ಕ್ ಸ್ಕ್ರೂಡ್ರೈವರಾ, ಥರ್ಮಲ್ ಕ್ಯಾಮೆರಾನಾ? ತಾರಸಿ ಸೋಲಾರಿನ ವರ್ಷದ ತಪಾಸಣೆ, ಎರಡು ರೀತಿಯಲ್ಲಿ

ನಮ್ಮ ತಾರಸಿಯ ಮೇಲಿರುವುದು 540 ವ್ಯಾಟಿನ 20 ಪ್ಯಾನೆಲ್. ಒಂದರ ಹಿಂದೊಂದು ಸರಣಿಯಲ್ಲಿ ಜೋಡಿಸಿದ ಹತ್ತತ್ತರ ಎರಡು ಸ್ಟ್ರಿಂಗ್, ಕೆಳಗೆ 10 ಕಿಲೋವ್ಯಾಟಿನ ತ್ರೀ ಫೇಸ್ ಇನ್ವರ್ಟರ್. ವರ್ಷಕ್ಕೊಮ್ಮೆ ನೋಡಬೇಕಾದದ್ದು ನಾಲ್ಕೇ: ಟರ್ಮಿನಲ್, ಕನೆಕ್ಟರ್, ಸೀಲೆಂಟ್, ಫ್ಯಾನ್. ಆದರೆ ಹೇಗೆ ನೋಡಬೇಕು ಅನ್ನುವುದರಲ್ಲೇ ತಕರಾರು. ಒಬ್ಬರು ಪ್ರತಿ ಸ್ಕ್ರೂವನ್ನೂ ಬಿಗಿ ಮಾಡಿ ಅಂತಾರೆ. ಇನ್ನೊಬ್ಬರು ಸ್ಕ್ರೂ ಮುಟ್ಟಲೇಬೇಡಿ, ಕ್ಯಾಮೆರಾ ಹಿಡಿದು ಬಿಸಿ ನೋಡಿ ಅಂತಾರೆ. ನಾನು ಒಂದು ವರ್ಷ ಮೊದಲನೆಯದನ್ನು ಮಾಡಿದೆ, ಮರುವರ್ಷ ಎರಡನೆಯದನ್ನು.

ಮೊದಲ ವರ್ಷ ಟಾರ್ಕ್ ಸ್ಕ್ರೂಡ್ರೈವರ್. ಪ್ಲಾಂಟ್ ಪೂರ್ತಿ ಬಂದ್ ಮಾಡಿ, ಡಿಸಿ ಕಡೆಯ ಸಂಪರ್ಕ ಕಡಿಯುವ ಸ್ವಿಚ್ಚಾದ ಐಸೊಲೇಟರ್, ಎಂಸಿಬಿ, ಸರ್ಜ್ ಪ್ರೊಟೆಕ್ಟರ್‌ಗಳ ಪ್ರತಿ ಟರ್ಮಿನಲ್ಲನ್ನೂ ಅದರದರ ಮೈಮೇಲೆ ಅಥವಾ ಕೈಪಿಡಿಯಲ್ಲಿ ಕೊಟ್ಟ ನ್ಯೂಟನ್ ಮೀಟರ್ ಲೆಕ್ಕಕ್ಕೆ ತಿರುಗಿಸಿದೆವು. ನಾನು ಲೆಕ್ಕ ಓದುವುದು, ಎಲೆಕ್ಟ್ರಿಷಿಯನ್ ತಿರುಗಿಸುವುದು. ಬಿಗಿ ಆ ಲೆಕ್ಕ ಮುಟ್ಟಿ ಟಿಕ್ ಅಂತ ಶಬ್ದ ಬಂದರೆ ಸರಿ. ಸಡಿಲ ಸಿಕ್ಕಿದ್ದು ಎರಡೇ, ಎರಡೂ ಎಸಿ ಕಡೆ. ಅರ್ಧ ಸುತ್ತಿಗೆ ಬಿಗಿಯಾದವು. ಉಳಿದದ್ದೆಲ್ಲ ಟಿಕ್. ಖುಷಿಯಾಗಿ ಬಾಕ್ಸ್ ಮುಚ್ಚಿದೆವು.

ಮರುವರ್ಷ ಥರ್ಮಲ್ ಕ್ಯಾಮೆರಾ ಬಾಡಿಗೆಗೆ ತಂದೆ. ಇದರಲ್ಲಿ ಪ್ಲಾಂಟ್ ಓಡುತ್ತಲೇ ಇರಬೇಕು, ಅದೂ ನಡು ಮಧ್ಯಾಹ್ನ. ವೈರ್ ಕೂಡುವ ಕೀಲಿನಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. 50 ಮಿಲಿಓಮ್ ತಡೆ ಇರುವ ಕೆಟ್ಟ ಕೀಲಿನಲ್ಲಿ 12 ಆಂಪಿಯರ್ ಹರಿದರೆ ಸುಮಾರು 7 ವ್ಯಾಟ್ ಶಾಖ. 6 ಆಂಪಿಯರಿಗೆ 2 ವ್ಯಾಟೂ ಇಲ್ಲ. ಬೆಳಗ್ಗೆ ಎಂಟಕ್ಕೆ ನೋಡಿದರೆ ಎಲ್ಲವೂ ತಣ್ಣಗೆ, ಚೆಂದಕ್ಕೆ ಕಾಣುತ್ತದೆ. ಇನ್ನೊಂದು ವಿಷಯ: ಬಾಕ್ಸಿನ ಪಾರದರ್ಶಕ ಮುಚ್ಚಳದ ಒಳಗೆ ಕ್ಯಾಮೆರಾಕ್ಕೆ ಏನೂ ಕಾಣುವುದಿಲ್ಲ. ನಮ್ಮ ಕಣ್ಣಿಗೆ ಅದು ಗಾಜು, ಕ್ಯಾಮೆರಾಕ್ಕೆ ಗೋಡೆ. ಮುಚ್ಚಳ ತೆಗೆಯಲೇಬೇಕು. ಒಳಗೆ 400 ವೋಲ್ಟಿಗಿಂತ ಜಾಸ್ತಿ ಡಿಸಿ ಜೀವಂತವಾಗಿರುತ್ತದೆ. ಹಾಗಾಗಿ ಇದು ಎಲೆಕ್ಟ್ರಿಷಿಯನ್ ಕೆಲಸ. ನಾನು ಹಿಂದೆ ನಿಂತು ಪರದೆ ನೋಡಿದೆ, ಅಷ್ಟೇ.

ಐಸೊಲೇಟರಿನಲ್ಲಿ ಎರಡನೇ ಸ್ಟ್ರಿಂಗಿನ ಮೈನಸ್ ಟರ್ಮಿನಲ್ 78 ಡಿಗ್ರಿ ತೋರಿಸಿತು. ಪಕ್ಕದಲ್ಲೇ, ಅದೇ ಕರೆಂಟ್ ಹೊರುವ ಪ್ಲಸ್ 46. ಹೊಳೆಯುವ ಲೋಹದ ಮೇಲೆ ಕ್ಯಾಮೆರಾ ಸುಳ್ಳು ಹೇಳುತ್ತದೆ, ಅದಕ್ಕೇ ವೈರಿನ ಇನ್ಸುಲೇಷನ್ ಮೇಲೆ ಅಳೆದಿದ್ದೆವು. 78 ಅನ್ನುವ ಅಂಕಿಗಿಂತ ಮುಖ್ಯ ಆ 32 ಡಿಗ್ರಿ ವ್ಯತ್ಯಾಸ.

ಸರಿ, ಸ್ಕ್ರೂ ಲೂಸ್ ಆಗಿದೆ ಅಂದುಕೊಂಡು ಬಂದ್ ಮಾಡಿ ಟಾರ್ಕ್ ಹಾಕಿದರೆ ಟಿಕ್! ಹಿಂದಿನ ವರ್ಷ ಎಷ್ಟು ಬಿಗಿ ಇತ್ತೋ ಅಷ್ಟೇ ಬಿಗಿ. ವೈರ್ ಹೊರಗೆ ಎಳೆದಾಗ ಗುಟ್ಟು ಬಯಲಾಯಿತು. ವೈರಿನ ಎಳೆಗಳನ್ನು ಒಟ್ಟಿಗೆ ಹಿಡಿಯುವ ಸಣ್ಣ ಲೋಹದ ಕೊಳವೆ, ಅಂದರೆ ಫೆರೂಲ್ ಹಾಕಿರಲಿಲ್ಲ. ಇನ್ಸುಲೇಷನ್ ಸುಲಿದದ್ದು ಕಮ್ಮಿಯಾಗಿ, ಕ್ಲಾಂಪಿನ ಅರ್ಧ ಬಾಯಿ ಪ್ಲಾಸ್ಟಿಕ್ಕನ್ನೇ ಕಚ್ಚಿಕೊಂಡಿತ್ತು. ತಾಮ್ರದ ಎಳೆಗಳಲ್ಲಿ ಕೆಲವಕ್ಕೆ ಮಾತ್ರ ಹಿಡಿತ ಸಿಕ್ಕಿತ್ತು, ಅವು ಕಂದು ಬಣ್ಣಕ್ಕೆ ತಿರುಗಿದ್ದವು. ಟಾರ್ಕ್ ಸ್ಕ್ರೂಡ್ರೈವರ್ ಅಳೆಯುವುದು ಸ್ಕ್ರೂವನ್ನು, ಅದರಡಿಯ ಕೀಲನ್ನಲ್ಲ ಅಂತ ಅವತ್ತು ಗೊತ್ತಾಯಿತು. ಕಂದಾದ ತುದಿ ಕತ್ತರಿಸಿ, ಹೊಸದಾಗಿ ಸುಲಿದು, ಫೆರೂಲ್ ಕ್ರಿಂಪ್ ಮಾಡಿ ಹಾಕಿದ ಮೇಲೆ ಮಧ್ಯಾಹ್ನ ಮತ್ತೆ ಅಳೆದರೆ 47.

ಹಾಗಂತ ಟಾರ್ಕ್ ವ್ಯರ್ಥ ಅಂತಲ್ಲ. ಕರೆಂಟ್ ಹರಿಯದ ಕಡೆ ಕ್ಯಾಮೆರಾ ಕುರುಡು. ಅರ್ತಿಂಗ್ ವೈರಿನ ಬೋಲ್ಟ್, ಸರ್ಜ್ ಪ್ರೊಟೆಕ್ಟರಿನ ಟರ್ಮಿನಲ್, ಇವು ಲೂಸ್ ಇದ್ದರೂ ತಣ್ಣಗೇ ಇರುತ್ತವೆ. ಅವುಗಳಿಗೆ ಸಾಧನ ಹಾಕಿಯೇ ನೋಡಬೇಕು. ಮಿಕ್ಕದ್ದನ್ನು ಸುಮ್ನೆ ವರ್ಷ ವರ್ಷವೂ ತಿರುಚುವುದನ್ನು ನಾನು ಬಿಟ್ಟಿದ್ದೇನೆ. ಪ್ರತಿ ಸಲ ಒಂದಿಷ್ಟು ಬಿಗಿ ಮಾಡುತ್ತಾ ಹೋದರೆ ಸಣ್ಣ ಎಳೆಗಳು ಜಜ್ಜಿ ತುಂಡಾಗುತ್ತವೆ. ಈಗ ಬಿಗಿ ಮಾಡಿದ ಸ್ಕ್ರೂ ತಲೆಯಿಂದ ಟರ್ಮಿನಲ್ ಮೈವರೆಗೆ ಪೇಂಟ್ ಮಾರ್ಕರಿನಲ್ಲಿ ಒಂದು ಗೆರೆ ಎಳೆದಿದ್ದೇವೆ. ಗೆರೆ ಮುರಿದಿದ್ದರೆ ಸ್ಕ್ರೂ ಜರುಗಿದೆ ಅಂತ.

ಬಂದ್ ಮಾಡುವುದರಲ್ಲೂ ಒಂದು ಮೋಸವಿದೆ. ಡಿಸಿ ಐಸೊಲೇಟರ್ ಆಫ್ ಮಾಡಿದರೂ ಪ್ಯಾನೆಲ್ ಕಡೆಯ ಟರ್ಮಿನಲ್‌ಗಳಲ್ಲಿ ಬಿಸಿಲಿರುವ ತನಕ ವೋಲ್ಟೇಜ್ ಇರುತ್ತದೆ. ನಾವು ಮಾಡುವ ಕ್ರಮ ಹೀಗೆ: ಇನ್ವರ್ಟರ್ ಆಫ್, ಎಸಿ ಆಫ್, ಆಮೇಲೆ ಡಿಸಿ ಆಫ್. ಡಿಸಿ ಕ್ಲಾಂಪ್ ಮೀಟರಿನಲ್ಲಿ ಕರೆಂಟ್ ಸೊನ್ನೆ ಅಂತ ನೋಡಿದ ಮೇಲೆಯೇ ಮೇಲೆ ಹೋಗಿ ಸ್ಟ್ರಿಂಗಿನ ಎರಡೂ ತುದಿಯ ಕನೆಕ್ಟರ್ ಬಿಡಿಸುವುದು. ಕರೆಂಟ್ ಹರಿಯುವಾಗ ಬಿಡಿಸಿದರೆ ಡಿಸಿ ಕಿಡಿ ತಾನಾಗಿ ಆರುವುದಿಲ್ಲ. ಕೆಳಗೆ ಬಂದು ವೋಲ್ಟೇಜ್ ಇಲ್ಲ ಅಂತ ಅಳೆದು, ಕೆಪಾಸಿಟರ್ ಖಾಲಿಯಾಗಲು ಇನ್ವರ್ಟರ್ ಲೇಬಲ್ ಹೇಳಿದಷ್ಟು ಹೊತ್ತು ಕಾದು, ಆಮೇಲೆ ಕೈ ಹಾಕುವುದು.

ಕನೆಕ್ಟರ್ ವಿಷಯದಲ್ಲಿ ಕ್ಯಾಮೆರಾಕ್ಕೂ ಕೈಗೂ ಸ್ಪರ್ಧೆ ಇಟ್ಟೆ. ಜಗ್ಗಿ ನೋಡಿದಾಗ ಎಲ್ಲವೂ ಗಟ್ಟಿ. ಕ್ಯಾಮೆರಾದಲ್ಲಿ ಮಾತ್ರ ಸ್ಟ್ರಿಂಗಿನ ಕೊನೆಯ ಜೋಡಿಯೊಂದು ಉಳಿದವಕ್ಕಿಂತ 15 ಡಿಗ್ರಿ ಜಾಸ್ತಿ. ಜೋಡಿಯ ಒಂದು ಭಾಗ ಪ್ಯಾನೆಲ್ ಕಂಪನಿಯದು, ಇನ್ನೊಂದು ಅಳವಡಿಸಿದವರು ತಂದ ಬೇರೆ ಕಂಪನಿಯದು. ಎರಡೂ ಎಂಸಿ4 ಮಾದರಿಯೇ, ಕಚ್ಚಿಕೊಳ್ಳುತ್ತವೆ ಕೂಡ. ಆದರೆ ಒಳಗಿನ ಪಿನ್ನಿನ ಅಳತೆ, ಲೋಹ, ರಬ್ಬರ್ ಒಂದೇ ಆಗಿರಬೇಕೆಂದಿಲ್ಲ. ಎರಡೂ ಭಾಗ ಕತ್ತರಿಸಿ ಒಂದೇ ಕಂಪನಿಯ ಜೋಡಿ ಹಾಕಿದೆವು, ಇಕ್ಕಳದಲ್ಲಿ ಅಲ್ಲ, ಅದರದೇ ಕ್ರಿಂಪಿಂಗ್ ಸಾಧನದಲ್ಲಿ. ನೆಲಕ್ಕೆ ಜೋತು ನೀರಲ್ಲಿ ಬಿದ್ದಿದ್ದ ಎರಡು ಕನೆಕ್ಟರನ್ನು ಕ್ಯಾಮೆರಾ ಹಿಡಿಯಲಿಲ್ಲ, ಕಣ್ಣು ಹಿಡಿಯಿತು. ಅವನ್ನು ಫ್ರೇಮಿಗೆ ಕ್ಲಿಪ್ ಹಾಕಿ ಎತ್ತಿ ಕಟ್ಟಿದೆವು.

ಸೀಲೆಂಟಿನಲ್ಲಿ ನನ್ನ ಪರೀಕ್ಷೆ ಚಿಕ್ಕದು. ಸ್ಟ್ಯಾಂಡಿನ ಎರಡು ಕಾಲಿಗೆ ನ್ಯೂಟ್ರಲ್ ಸಿಲಿಕೋನ್, ಎರಡು ಕಾಲಿಗೆ ಪಾಲಿಯುರೆಥೇನ್. ವರ್ಷದ ನಂತರ ಸಿಲಿಕೋನ್ ಮೆತ್ತಗೆ, ಬಿರುಕಿಲ್ಲದೆ ಇತ್ತು, ಆದರೆ ಕಾಂಕ್ರೀಟಿನ ಅಂಚಿನಲ್ಲಿ ಉಗುರಿಗೇ ಎದ್ದು ಬಂತು. ಪಾಲಿಯುರೆಥೇನ್ ಕಾಂಕ್ರೀಟನ್ನು ಬಿಡಲೇ ಇಲ್ಲ, ಆದರೆ ಬಿಸಿಲಿಗೆ ಮೇಲ್ಮೈ ಸುಣ್ಣದಂತಾಗಿ ಸಣ್ಣ ಬಿರುಕು ಬಿಟ್ಟಿತ್ತು. ಈಗ ಕಾಲಿನ ಬುಡಕ್ಕೆ ಪಾಲಿಯುರೆಥೇನ್ ಹಾಕಿ ಮೇಲೆ ಬಣ್ಣ ಬಳಿಯುತ್ತೇನೆ, ಲೋಹಕ್ಕೆ ಲೋಹ ಕೂಡುವಲ್ಲಿ ಸಿಲಿಕೋನ್. ಹುಳಿ ವಿನೆಗರ್ ವಾಸನೆ ಬರುವ ಸಿಲಿಕೋನ್ ಮಾತ್ರ ಬೇಡ, ಅದು ತಾಮ್ರ ಮತ್ತು ಸತುವಿನ ಲೇಪನವನ್ನು ತಿನ್ನುತ್ತದೆ. ಹಳೆಯ ಸಿಲಿಕೋನ್ ಮೇಲೆ ಹೊಸದು ಅಂಟುವುದಿಲ್ಲ, ಪೂರ್ತಿ ಕೆರೆದು ತೆಗೆಯಬೇಕು. ಬಾಕ್ಸಿನ ತಳದ ನೀರು ಹೋಗುವ ತೂತನ್ನು ಉತ್ಸಾಹದಲ್ಲಿ ಮುಚ್ಚಿಬಿಡಬೇಡಿ. ನಾನು ಮುಚ್ಚಿದ್ದೆ.

ಇನ್ವರ್ಟರಿಗೆ ಎರಡು ಫ್ಯಾನ್. ಬಿಸಿಲೇರಿದ ಮೇಲೆ ಉತ್ಪಾದನೆ 9 ಕಿಲೋವ್ಯಾಟ್ ದಾಟಿ, ಸ್ವಲ್ಪ ಹೊತ್ತಿಗೇ 7.5ಕ್ಕೆ ಇಳಿದು ಅಲ್ಲೇ ನಿಲ್ಲುತ್ತಿತ್ತು. ಗ್ರಾಫ್ 10ರಲ್ಲಿ ಚಪ್ಪಟೆಯಾದರೆ ಅದು ಇನ್ವರ್ಟರಿನ ಮಿತಿ. ಮೋಡವಿಲ್ಲದೆ ಅದಕ್ಕಿಂತ ಕೆಳಗೆ ಚಪ್ಪಟೆಯಾದರೆ ಇನ್ವರ್ಟರ್ ಬಿಸಿಯಾಗಿ ತಾನೇ ಉತ್ಪಾದನೆ ಇಳಿಸುತ್ತಿದೆ ಅಂತ ಅನುಮಾನ ಪಡಬೇಕು. ಒಂದು ಫ್ಯಾನಿಗೆ ಬರೀ ಧೂಳು. ರೆಕ್ಕೆಯನ್ನು ಬೆರಳಲ್ಲಿ ಹಿಡಿದು ಬ್ರಶ್ಶಿನಲ್ಲಿ ತೆಗೆದೆ, ಹಿಂದಿನ ಹೀಟ್‌ಸಿಂಕಿನ ಸಂದುಗಳನ್ನೂ. ಹಿಡಿಯದೆ ಬ್ಲೋವರ್ ಬಿಟ್ಟರೆ ರೆಕ್ಕೆ ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಇನ್ನೊಂದನ್ನು ಬೆರಳಲ್ಲಿ ತಿರುಗಿಸಿದರೆ ಅರ್ಧ ಸುತ್ತಿಗೇ ಗರಗರ ಅಂತ ನಿಲ್ಲುತ್ತಿತ್ತು. ಶುಚಿ ಮಾಡಿದರೂ ಅದೇ ಕಥೆ. ಅದೇ ವೋಲ್ಟೇಜಿನ, ಅದೇ ಅಳತೆಯ ಬಾಲ್ ಬೇರಿಂಗ್ ಫ್ಯಾನ್ ತಂದು, ಮೈಮೇಲಿನ ಗಾಳಿಯ ಬಾಣ ಹಳೆಯದರ ದಿಕ್ಕಿಗೇ ಇದೆಯಾ ಅಂತ ನೋಡಿ ಹಾಕಿದೆವು. ಅಂದಿನ ಮಧ್ಯಾಹ್ನ ಗ್ರಾಫ್ 9ರ ಮೇಲೇ ನಿಂತಿತ್ತು.