ನೀರು ಬ್ರಾಹ್ಮಿ ಅಂತ ಫೋಟೊ ನೋಡಿ ದುಡ್ಡು ಕಳಿಸುವ ಮುಂಚೆ

ಹಾಸನ, ಬೇಲೂರು, ಚಿಕ್ಕಮಗಳೂರು ಕಡೆಯ ವಾಟ್ಸಾಪ್ ಗುಂಪುಗಳಲ್ಲಿ "ತಾಜಾ ನೀರು ಬ್ರಾಹ್ಮಿ, ಮನೆ ಬಾಗಿಲಿಗೆ" ಅಂತ ಫೋಟೊ ಬಂದರೆ ಒಂದು ನಿಮಿಷ ತಡೆಯಿರಿ. ನಮ್ಮ ಅತ್ತೆ ಅಂಥದ್ದೇ ಫೋಟೊ ನೋಡಿ ₹300 ಕಳಿಸಿ ಎರಡು ಕಟ್ಟು ತರಿಸಿದರು. ಬಂದಿದ್ದು ಬರೀ ನೀರು ಬ್ರಾಹ್ಮಿ ಅಲ್ಲ. ಜಾಹೀರಾತಿನ ಫೋಟೊದಲ್ಲಿ ಇದ್ದದ್ದಂತೂ ನೀರು ಬ್ರಾಹ್ಮಿಯೇ ಅಲ್ಲ.

ನಮ್ಮ ಕಡೆ ಒಂದೆಲಗಕ್ಕೂ ಬ್ರಾಹ್ಮಿ ಅಂತಾರೆ. ತಂಬುಳಿ ಮಾಡೋದು ಅದರಿಂದ. ಚಿಕ್ಕಂದಿನಿಂದ ಕಿತ್ತವರಿಗೆ ಅದು ಕಣ್ಣು ಮುಚ್ಚಿಕೊಂಡರೂ ಗೊತ್ತಾಗುತ್ತದೆ. ನೀರು ಬ್ರಾಹ್ಮಿ ಬೇರೆಯೇ ಗಿಡ. ಕೆರೆ ಅಂಚು, ಗದ್ದೆ ಬದು, ಕಾಲುವೆ ಪಕ್ಕದ ಕೆಸರಲ್ಲಿ ಹಬ್ಬುತ್ತದೆ. ಸಸ್ಯಶಾಸ್ತ್ರದವರು ಅದಕ್ಕೆ ಬಕೋಪ ಮೊನ್ನಿಯೆರಿ ಅಂತಾರೆ. ನೆನಪಿನ ಶಕ್ತಿಯ ಮಾತ್ರೆ, ತಲೆಗೆ ಹಚ್ಚುವ ಎಣ್ಣೆ ಅಂತೆಲ್ಲ ಹೆಸರು ಕೇಳಿರುತ್ತೇವೆ, ಗಿಡ ನೋಡಿರುವುದಿಲ್ಲ. ಮಾರುವವನಿಗೆ ಅಷ್ಟೇ ಸಾಕು ಅಲ್ವಾ?

ಅತ್ತೆ ಮೊದಲ ದಿನ ಒಂದು ಹಿಡಿ ರುಬ್ಬಿ ರಸ ತೆಗೆದು ಬೆಳಿಗ್ಗೆ ಖಾಲಿ ಹೊಟ್ಟೆಗೆ ಕುಡಿದರು. ಮಧ್ಯಾಹ್ನದೊಳಗೆ ಹೊಟ್ಟೆ ತೊಳೆಸಿ, ವಾಂತಿಯಾಗಿ, ಭೇದಿಯೂ ಶುರುವಾಯಿತು. ಡಾಕ್ಟರು ಉಪ್ಪು ಸಕ್ಕರೆ ನೀರು ಕೊಡುತ್ತಿರಲು ಹೇಳಿದರು, "ಕುಡಿದ ಸೊಪ್ಪು ಯಾವುದು ಅಂತ ತಿಳ್ಕೊಳ್ಳಿ" ಅಂದರು. ಮರುದಿನ ಸರಿಹೋಯಿತು. ಇದು ಕಲಬೆರಕೆಯಿಂದಲೇ ಆಯಿತು ಅಂತ ನಾನು ಹೇಳಲಾರೆ. ಅಪ್ಪಟ ನೀರು ಬ್ರಾಹ್ಮಿಯೂ ಖಾಲಿ ಹೊಟ್ಟೆಗೆ ಜಾಸ್ತಿ ಕುಡಿದರೆ ಹೊಟ್ಟೆ ಕೆಡಿಸುತ್ತದೆ. ಗಿಡ ಬೆಳೆದ ನೀರು ಹೊಲಸಾಗಿದ್ದರೂ ಹೀಗೇ ಆಗುತ್ತದೆ. ಆದರೆ ಡಾಕ್ಟರ ಪ್ರಶ್ನೆಗೆ ಉತ್ತರ ಬೇಕಿತ್ತು. ಉಳಿದ ಕಟ್ಟನ್ನು ಬಿಚ್ಚಿ ಪೇಪರ್ ಮೇಲೆ ಹರಡಿದೆ.

ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರೊಬ್ಬರು ನಮಗೆ ಪರಿಚಯ. ಅವರಿಗೆ ಇಡೀ ರಾಶಿಯ ಫೋಟೊ ಕಳಿಸಿದೆ. ತಕ್ಷಣ ಫೋನ್ ಮಾಡಿದರು.

"ಮೇಲಿಂದ ತೆಗೆದ ಫೋಟೊ ನನಗೆ ಬೇಡಮ್ಮ. ಇದರಲ್ಲಿ ಹಸಿರು ಬಣ್ಣ ಬಿಟ್ಟು ಏನೂ ಇಲ್ಲ. ಒಂದೊಂದೇ ಕಡ್ಡಿ ಬಿಡಿಸಿ, ಬಿಳಿ ಹಾಳೆ ಮೇಲಿಟ್ಟು, ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗಿ. ಒಂದು ಗೆಣ್ಣು, ಅಲ್ಲಿಂದ ಹೊರಡೋ ಎಲೆ, ಅಲ್ಲಿರೋ ಬೇರು ಮೂರೂ ಕಾಣ್ಬೇಕು."

"ಹೂವು ಸರ್?"

"ಹೂವು ಇದ್ರೆ ಎರಡು ಸಲ ತೆಗಿ. ಎದುರಿಂದ ಒಂದು, ಪಕ್ಕದಿಂದ ಒಂದು. ತೊಟ್ಟು ಕತ್ತರಿಸಿ ಹೋಗ್ಬಾರ್ದು."

ಹೀಗೆ ತೆಗೆಯಲು ಕೂತಾಗಲೇ ಅರ್ಧ ಉತ್ತರ ಕಾಣಿಸತೊಡಗಿತು. ಕಟ್ಟಿನಲ್ಲಿ ಹೆಚ್ಚು ಪಾಲು ನಿಜವಾದ ನೀರು ಬ್ರಾಹ್ಮಿಯೇ. ಕಾಂಡ ದುಂಡಗೆ, ನುಣ್ಣಗೆ, ರಸ ತುಂಬಿದ ಹಾಗೆ ಇರುತ್ತದೆ. ನೆಲ ತಾಗಿದ ಗೆಣ್ಣುಗಳಲ್ಲಿ ಬಿಳಿ ಬೇರು. ಪ್ರತಿ ಗೆಣ್ಣಿಗೂ ಎದುರುಬದುರಾಗಿ ಎರಡೆಲೆ. ಎಲೆಗೆ ತೊಟ್ಟಿಲ್ಲ, ನೇರವಾಗಿ ಕಾಂಡಕ್ಕೆ ಅಂಟಿದೆ. ಉದ್ದ ಒಂದರಿಂದ ಎರಡು ಸೆಂಟಿಮೀಟರ್ ಇರಬಹುದು. ಎಲೆ ಚಿಕ್ಕ ಚಮಚದ ಹಾಗೆ, ಬುಡದಲ್ಲಿ ಸಣ್ಣಗೆ ಶುರುವಾಗಿ ತುದಿಯ ಹತ್ತಿರ ಅಗಲವಾಗಿ ದುಂಡಗೆ ಮುಗಿಯುತ್ತದೆ. ಅಂಚಿನಲ್ಲಿ ಹಲ್ಲಿಲ್ಲ. ಬಿಸಿಲಿಗೆ ಹಿಡಿದರೂ ಪಕ್ಕದ ನರಗಳು ಎದ್ದು ಕಾಣುವುದಿಲ್ಲ, ನಡುವಿನ ಗೆರೆಯೂ ಮಸುಕು.

ಎಲೆ ಎಲ್ಲಿ ಅಗಲ ಅನ್ನೋದನ್ನು ಮೊದಲು ನೋಡಿ ಅಂತ ಮೇಷ್ಟ್ರು ಒತ್ತಿ ಹೇಳಿದರು. ಫೋಟೊ ಎಷ್ಟೇ ಮಂಜಾಗಿದ್ದರೂ ಇದೊಂದು ತಿಳಿಯುತ್ತದೆ. ಬಣ್ಣವನ್ನು ಫೋನ್ ಬದಲಾಯಿಸಬಹುದು, ಆಕಾರವನ್ನು ಅಷ್ಟು ಸುಲಭವಾಗಿ ಬದಲಾಯಿಸಲ್ಲ.

ಉಳಿದದ್ದರಲ್ಲಿ ಮೊದಲು ಸಿಕ್ಕಿದ್ದು ಹೊನಗೊನ್ನೆ. ಅದನ್ನು ಅತ್ತೆಯೇ ಮಲಗಿದ್ದಲ್ಲಿಂದ ಗುರುತಿಸಿದರು. ಅದಕ್ಕೂ ಎಲೆ ಎದುರುಬದುರು, ಅದೂ ನೀರಿನ ಬದಿಯಲ್ಲೇ ಹಬ್ಬುತ್ತದೆ. ಆದರೆ ಎಲೆ ತೆಳು, ಉದ್ದ, ನರ ಕಾಣುತ್ತದೆ. ಬಿಳಿ ಹೂವಿನ ಗುಂಡು ಗೊಂಚಲು ತೊಟ್ಟೇ ಇಲ್ಲದೆ ಎಲೆಯ ಬುಡಕ್ಕೆ ಅಂಟಿ ಕೂತಿರುತ್ತದೆ. ಪಲ್ಯ ಮಾಡುವ ಸೊಪ್ಪು, ತಿಂದರೆ ತೊಂದರೆಯಿಲ್ಲ. ಆದರೆ ನಾವು ದುಡ್ಡು ಕೊಟ್ಟಿದ್ದು ಅದಕ್ಕಲ್ಲ.

ಇನ್ನೊಂದು ನೆಲಹಿಪ್ಪಲಿ. ಎಲೆಯ ಆಕಾರ ಮಾತ್ರ ನೋಡಿದರೆ ನೀರು ಬ್ರಾಹ್ಮಿಯೇ ಅನ್ನಿಸುತ್ತದೆ. ಯಾಕೆಂದರೆ ಇದರ ಎಲೆಯೂ ಬುಡದಲ್ಲಿ ಸಣ್ಣ, ತುದಿಯ ಕಡೆ ಅಗಲ. ಇಲ್ಲಿ ಫೋಟೊವನ್ನು ಎರಡು ಬೆರಳಿಂದ ಹಿಗ್ಗಿಸಿ ಎಲೆಯ ಮೇಲರ್ಧದ ಅಂಚು ನೋಡಬೇಕು. ಗರಗಸದ ಹಲ್ಲು ಕಂಡರೆ ನೆಲಹಿಪ್ಪಲಿ. ಕೆಳಗಿನ ಅರ್ಧದಲ್ಲಿ ಹಲ್ಲಿರುವುದಿಲ್ಲ, ಅದಕ್ಕೇ ಕಣ್ತಪ್ಪುತ್ತದೆ. ಮುಟ್ಟಿದರೆ ಸ್ವಲ್ಪ ಒರಟು. ಹೂವು ಬಂದರೆ ಅನುಮಾನವೇ ಉಳಿಯಲ್ಲ. ಉದ್ದ ತೊಟ್ಟಿನ ತುದಿಯಲ್ಲಿ ಪುಟ್ಟ ಗುಂಡು ತಲೆ, ಅದರ ಸುತ್ತ ಉಂಗುರದ ಹಾಗೆ ಸಣ್ಣ ಸಣ್ಣ ಹೂ.

ಕಷ್ಟ ಕೊಟ್ಟಿದ್ದು ಗದ್ದೆಯ ಒಂದು ಕಳೆ. ಲಿಂಡರ್ನಿಯ ಅನ್ನುವ ಗುಂಪಿನದು ಅಂದರು ಮೇಷ್ಟ್ರು. ಈ ಗುಂಪಿನಲ್ಲಿ ಹಲವು ಬಗೆ ಇವೆ, ಕೆಲವಕ್ಕೆ ಎಲೆ ಅಂಚಿನಲ್ಲಿ ಹಲ್ಲಿದೆ, ಕೆಲವಕ್ಕೆ ಇಲ್ಲ. ಹಲ್ಲಿಲ್ಲದ್ದು ನೀರು ಬ್ರಾಹ್ಮಿಯ ಜೊತೆ ಹೆಣೆದುಕೊಂಡಿದ್ದರೆ ಬರೀ ಎಲೆ ನೋಡಿ ಬೇರೆ ಮಾಡೋದು ಬಹಳ ಕಷ್ಟ. ಮೇಷ್ಟ್ರು ಕಾಂಡವನ್ನು ಬ್ಲೇಡಿನಿಂದ ಅಡ್ಡ ಕತ್ತರಿಸಿ ತುದಿಯ ಫೋಟೊ ಕಳಿಸಲು ಹೇಳಿದರು. ಇದರ ಕಾಂಡ ಚೌಕ, ನೀರು ಬ್ರಾಹ್ಮಿಯದು ದುಂಡು. ಎರಡು ಬೆರಳ ನಡುವೆ ಉರುಳಿಸಿದರೆ ಮೂಲೆ ತಾಗುವುದು ಗೊತ್ತಾಗುತ್ತದೆ.

ಹೂವು ಇನ್ನೂ ಸ್ಪಷ್ಟ. ನೀರು ಬ್ರಾಹ್ಮಿಯ ಹೂವನ್ನು ಎದುರಿನಿಂದ ನೋಡಿದರೆ ಐದು ದಳಗಳು ಹೆಚ್ಚುಕಡಿಮೆ ಒಂದೇ ಅಳತೆ. ಲಿಂಡರ್ನಿಯದ ಹೂವಿಗೆ ತುಟಿ ಇದೆ, ಮೇಲಿನದು ಚಿಕ್ಕದು, ಕೆಳಗಿನದು ಮೂರು ಸೀಳಾಗಿ ಚಾಚಿಕೊಂಡಿರುತ್ತದೆ. ಪಕ್ಕದಿಂದ ತೆಗೆದ ಫೋಟೊದಲ್ಲಿ ಇದು ಬಾಯಿ ತೆರೆದ ಹಾಗೆ ಕಾಣುತ್ತದೆ. ಮೇಲಿಂದ ತೆಗೆದ ಫೋಟೊದಲ್ಲಿ ಎರಡೂ ಬರೀ ತೆಳು ಬಣ್ಣದ ಚುಕ್ಕೆ.

ಈಗ ಜಾಹೀರಾತಿನ ಫೋಟೊಗೆ ಬರುತ್ತೇನೆ. ನನಗೆ ಹೆಚ್ಚು ಸಿಟ್ಟು ಬಂದಿದ್ದು ಇದಕ್ಕೇ. ಅದರಲ್ಲಿ ಹೂವು ಶಾಯಿ ನೀಲಿ, ನಡುವೆ ಕೆನ್ನೇರಳೆ ಕಣ್ಣು. ನೋಡೋಕೆ ಬಹಳ ಚೆಂದ. ನೀರು ಬ್ರಾಹ್ಮಿಯ ಹೂವು ಅಷ್ಟು ಗಾಢ ಇರಲ್ಲ. ತಿಳಿ ನೀಲಿ, ತಿಳಿ ನೇರಳೆ ಅಥವಾ ಬಹುತೇಕ ಬಿಳಿ. ಬಣ್ಣ ಹೆಚ್ಚಿಸಿರಬಹುದು ಅಂತ ಮೇಷ್ಟ್ರು ಮೊದಲು ಅಂದುಕೊಂಡರು. ಆಮೇಲೆ ಹಿಗ್ಗಿಸಿ ಎಲೆ ನೋಡಿದರು. ಎಲೆ ಬುಡದಲ್ಲೇ ಅಗಲ, ತುದಿ ಚೂಪು. ಪೂರ್ತಿ ತಿರುವುಮುರುವು. ಕಾಂಡದಲ್ಲಿ ಮೂಲೆಯ ಗೆರೆಯೂ ಕಾಣುತ್ತಿತ್ತು.

ಅದು ಅನಗಾಲಿಸ್. ಚಳಿಗಾಲದ ಬೆಳೆಯಲ್ಲಿ ಬರುವ ಕಳೆ. ಎಲೆ ಎದುರುಬದುರು, ತೊಟ್ಟಿಲ್ಲ. ಎಲೆಯ ಕಂಕುಳಿಂದ ಉದ್ದ ತೊಟ್ಟಿನಲ್ಲಿ ಒಂದೊಂದೇ ಹೂ, ಐದು ದಳ. ಇಷ್ಟನ್ನು ಬಾಯಲ್ಲಿ ಹೇಳಿದರೆ ನೀರು ಬ್ರಾಹ್ಮಿಯ ವರ್ಣನೆಯೇ ಆಗುತ್ತದೆ. ಆದರೆ ಅನಗಾಲಿಸ್ ವಿಷದ ಗಿಡ, ಜಾಸ್ತಿ ಮೇಯ್ದ ದನ ಕುರಿಗಳಿಗೆ ತೊಂದರೆ ಕೊಡುತ್ತದೆ. ಕಾಯಿ ಕಟ್ಟಿದ ಮೇಲೆ ಅದರ ತೊಟ್ಟು ಕೆಳಕ್ಕೆ ಬಾಗುತ್ತದೆ, ಕಾಯಿ ಗುಂಡು. ಹೂವಿನ ಹಿಂಬದಿಯ ಹಸಿರು ಎಸಳು ಐದೂ ಕಿರಿದು, ಚೂಪು, ಒಂದೇ ಅಳತೆ. ನೀರು ಬ್ರಾಹ್ಮಿಯಲ್ಲಿ ಆ ಎಸಳು ಒಂದೇ ಸಮ ಇರಲ್ಲ, ಹೊರಗಿನದು ಅಗಲ, ಒಳಗಿನದು ಕಿರಿದು. ಅವುಗಳ ಕೆಳಗೆ ತೊಟ್ಟಿನ ಮೇಲೆ ಎರಡು ಪುಟ್ಟ ಎಸಳು ಬೇರೆ ಇರುತ್ತವೆ. ಪಕ್ಕದಿಂದ ತೆಗೆದ ಫೋಟೊ ಕೇಳುವುದು ಇದಕ್ಕೇ.

ನಮ್ಮ ಕಟ್ಟಿನಲ್ಲಿ ಅನಗಾಲಿಸ್ ಇರಲಿಲ್ಲ, ಅದು ಸಮಾಧಾನ. ಆದರೆ ಯೋಚನೆ ಮಾಡಿ. ಆ ಫೋಟೊ ನೋಡಿ ಯಾರಾದರೂ ತಮ್ಮ ಹೊಲದ ಬದುವಿನಲ್ಲಿ ಅದೇ ನೀಲಿ ಹೂವು ಕಂಡು, "ಅಯ್ಯೋ ಇಲ್ಲೇ ಸುಮ್ನೆ ಬೆಳೆದಿದೆಯಲ್ಲ" ಅಂತ ಕಿತ್ತು ರುಬ್ಬಿದರೆ?

ಮಾರುವವನಿಗೆ ಫೋನ್ ಮಾಡಿದೆ. "ಮೇಡಂ, ಫೋಟೊ ನೆಟ್ಟಿಂದ ತಗೊಂಡಿದ್ದು. ಗಿಡ ಒರಿಜಿನಲ್ಲೇ" ಅಂದ. ಕಿತ್ತವರು ಯಾರು ಅಂತ ಕೇಳಿದರೆ ಹುಡುಗರು ಅಂದ. ದುಡ್ಡು ವಾಪಸ್ ಬರಲಿಲ್ಲ. ಕಲಬೆರಕೆಯನ್ನು ಬೇಕಂತಲೇ ಮಾಡಿದ್ದಾನೆ ಅಂತಲೂ ನನಗೆ ಅನ್ನಿಸಲ್ಲ. ಗದ್ದೆ ಬದುವಿನಲ್ಲಿ ಇವೆಲ್ಲ ಒಂದರೊಳಗೊಂದು ಹಬ್ಬಿರುತ್ತವೆ. ಕುಡುಗೋಲಲ್ಲಿ ಕೊಯ್ದು ಕಟ್ಟಿದರೆ ಹೀಗೇ ಬರೋದು. ಆರಿಸುವ ಕೆಲಸಕ್ಕೆ ಹೊತ್ತು ಬೇಕು, ಅದನ್ನು ಅವನು ಮಾಡಿಲ್ಲ.

ಹಾಗಾಗಿ ಕೊಳ್ಳಲೇಬೇಕಿದ್ದರೆ, ಕಳಿಸುವ ಅದೇ ಕಟ್ಟಿನಿಂದ ಒಂದು ಕಡ್ಡಿ ಎಳೆದು ಸ್ಕೇಲ್ ಪಕ್ಕದಲ್ಲಿಟ್ಟು ತೆಗೆದ ಫೋಟೊ ಕೇಳಿ. ಗೆಣ್ಣು, ಬೇರು, ಎಲೆಯ ಬುಡ ಕಾಣಲಿ. ಕತ್ತರಿಸಿದ ಕಾಂಡದ ತುದಿ ಕಾಣಲಿ. ಹೂವಿದ್ದರೆ ಪಕ್ಕದಿಂದ ಒಂದು. ಟ್ರೇ ತುಂಬ ಹಸಿರು ಕಾಣುವ ಫೋಟೊಗೆ ದುಡ್ಡು ಕಳಿಸಬೇಡಿ. ಹೂವಿಲ್ಲದ ಕಡ್ಡಿಯ ಫೋಟೊ ಮಾತ್ರ ಇದ್ದರೆ ಅದು ಅಡುಗೆಗೋ ಔಷಧಿಗೋ ಸಾಕಾಗಲ್ಲ, ಕುಂಡದಲ್ಲಿ ನೆಟ್ಟು ಹೂ ಬಿಡೋವರೆಗೆ ಕಾಯಬಹುದು ಅಷ್ಟೇ. ಒಣಗಿಸಿದ್ದು, ಪುಡಿ ಮಾಡಿದ್ದು ಆದರೆ ಫೋಟೊದಿಂದ ಏನೂ ತಿಳಿಯಲ್ಲ. ಬಾಯಿಗೆ ಹಾಕಿ ಕಹಿ ಇದೆಯಾ ಅಂತ ಪರೀಕ್ಷೆ ಮಾಡುವವರೂ ಇದ್ದಾರೆ. ಗುರುತು ಸಿಗದ ಗಿಡವನ್ನು ಹಾಗೆ ಅಗಿಯಬೇಡಿ.

ಕೇಳಬೇಕಾದ್ದು ಇನ್ನೂ ಒಂದಿದೆ, ಕಿತ್ತ ಜಾಗ. ನೀರು ಬ್ರಾಹ್ಮಿ ತಾನು ನಿಂತ ಕೆಸರಿನಿಂದ ಕ್ಯಾಡ್ಮಿಯಂನಂಥ ಲೋಹಗಳನ್ನೂ ಹೀರಿ ಮೈಯಲ್ಲಿ ಇಟ್ಟುಕೊಳ್ಳುತ್ತದೆ. ಊರಿನ ಚರಂಡಿ ನೀರು ಸೇರುವ ಕೆರೆಯ ಅಂಚಿನಲ್ಲಿ ಅದು ಇನ್ನೂ ಹುಲುಸಾಗಿ ಬೆಳೆದಿರಬಹುದು. ಎಲೆ, ಕಾಂಡ, ಹೂವು ಎಲ್ಲ ಸರಿಯಾಗಿದ್ದರೂ ಅಂಥ ಕಡೆಯದ್ದು ಹೊಟ್ಟೆಗೆ ಬೇಡ. ನಮ್ಮ ಕಟ್ಟು ಎಲ್ಲಿಯದು ಅಂತ ಆತ ಕೊನೆಗೂ ಹೇಳಲಿಲ್ಲ. ಆರಿಸಿಟ್ಟಿದ್ದ ಒಳ್ಳೆಯ ರಾಶಿಯನ್ನೂ ಅತ್ತೆ ಗೊಬ್ಬರದ ಗುಂಡಿಗೆ ಹಾಕಿಸಿದರು.